ಕೇಳಿದ್ದೋ, ಅಂದದ್ದೋ?

ನಮ್ಮ ಮನೆಗೂ ಪಕ್ಕದ ಕಾಕು ಅವರ ಮನೆಗೂ ನಡುವೆ ಇರುವುದು ಎದೆಮಟ್ಟದ ಒಂದು ಮದರಂಗಿ ಬೇಲಿ, ಅಷ್ಟೇ. ಜಮಖಂಡಿಯ ಈ ಭಾಗದಲ್ಲಿ ಈಗ ಎಲ್ಲರೂ ಕಂಪೌಂಡ್ ಕಟ್ಟಿಸಿಕೊಂಡಿದ್ದಾರೆ. ನಾವಿಬ್ಬರೇ ಕಟ್ಟಿಸಿಲ್ಲ. ಕಟ್ಟಿಸಿ ಏನ್ ಮಾಡೂದೈತಿ? ಗೋಡೆ ಎದ್ದರೆ ಸಂಜೆ ಹೊತ್ತು ಯಾರ ಜೋಡಿ ಮಾತಾಡೂದು?

ನೋಡಿ, ಬಂದ ಕೂಡಲೇ ಎರಡು ಪ್ರಶ್ನೆ ಹಾಕಿದೆ. ನೀವು ಒಂದಕ್ಕೂ ಉತ್ತರ ಕೊಡಲಿಲ್ಲ. ಕೊಡಬೇಕು ಅಂತ ನಿಮಗೆ ಅನಿಸಲೂ ಇಲ್ಲ, ಅಲ್ವಾ? ನಮ್ಮ ಕಡೆ ಹೇಳಬೇಕೆಂದರೆ, ಅಲ್ಲೇನ್ರೀ?

ಇದು ನನ್ನ ತಲೆಗೆ ಹೊಕ್ಕಿದ್ದು ಮೊಮ್ಮಗನಿಂದ. ಐದು ವರ್ಷದವನು, ರಜೆಗೆ ಬಂದಿದ್ದ. ಅವತ್ತು ಮೂರು ದಿನವಾದರೂ ನಳ ಬಂದಿರಲಿಲ್ಲ. ಬೇಲಿಯ ಆಚೆ ಖಾಲಿ ಕೊಡ ಹಿಡಿದು ನಿಂತ ಕಾಕು, "ಇವತ್ತರೆ ನಳ ಬರತೈತೋ ಇಲ್ಲೋ, ಯಾರಿಗ್ಗೊತ್ತ!" ಅಂದರು. ನನ್ನ ಪಕ್ಕದಲ್ಲಿ ಮಣ್ಣಲ್ಲಿ ಆಡುತ್ತಿದ್ದವನು ತಲೆ ಎತ್ತಿ, "ನಳ ಬಿಡೂ ಮಾಮಾಗ ಗೊತ್ತು" ಅಂದ. ಕಾಕು ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು, ಕೊಡ ಕೆಳಗಿಟ್ಟು ನಕ್ಕರು. ಹುಡುಗನಿಗೆ ಯಾಕೆ ನಗುತ್ತಿದ್ದಾರೆ ಅಂತ ತಿಳಿಯಲಿಲ್ಲ. ಅವನ ಉತ್ತರ ಒಂದಿಷ್ಟೂ ತಪ್ಪಿರಲಿಲ್ಲ, ನಳ ಬಿಡುವವನಿಗೆ ಗೊತ್ತೇ ಇರುತ್ತದೆ. ಆದರೆ ಅಲ್ಲಿ ಪ್ರಶ್ನೆಯೇ ಇರಲಿಲ್ಲ.

ಎಂಟು ದಿನ ಕಳೆದಿತ್ತೋ ಇಲ್ಲವೋ, ಅವರಮ್ಮ "ನಿನ್ನ ಇನ್ನೊಂದು ಚಪ್ಪಲಿ ಎಲ್ಲೋ?" ಅಂತ ಕೇಳಿದಳು. ಅವನು ಅಂಗೈ ಆಕಾಶಕ್ಕೆ ತಿರುಗಿಸಿ, ಕೆಳತುಟಿ ಮುಂದೆ ಮಾಡಿ, ಥೇಟ್ ಕಾಕು ಹಾಗೇ "ಯಾರಿಗ್ಗೊತ್ತ!" ಅಂದ. ಯಾರೂ ಕೂಡಿಸಿಕೊಂಡು ಕಲಿಸಿರಲಿಲ್ಲ. ಅಂಗೈ ತಿರುಗಿಸುವುದೂ ಆ ವಾಕ್ಯದ ಭಾಗ ಅಂತ ಅವನಿಗೆ ತಾನೇ ಹೊಳೆದಿತ್ತು.

ಅಲ್ಲಿಂದ ನಾನು ಈ ಮಾತುಗಳ ಬೆನ್ನು ಹತ್ತಿದೆ. ಜೀವಮಾನವಿಡೀ ಕನ್ನಡ ಪಾಠ ಹೇಳಿದವನು, ಮಕ್ಕಳಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕುವುದನ್ನು ಕಲಿಸಿದ್ದೇನೆ. ಆದರೆ ಪ್ರಶ್ನೆಯ ಅಂಗಿ ತೊಟ್ಟು ಬಂದ ಹೇಳಿಕೆಯನ್ನು ಕಿವಿ ಹೇಗೆ ಗುರುತು ಹಿಡಿಯುತ್ತದೆ ಅನ್ನುವುದನ್ನು ಕೂತು ಯೋಚಿಸಿರಲಿಲ್ಲ.

'ಯಾರಿಗೆ ಗೊತ್ತು' ಅಂದರೆ 'ಯಾರಿಗೂ ಗೊತ್ತಿಲ್ಲ'. ಇಷ್ಟು ಎಲ್ಲರಿಗೂ ತಿಳಿದದ್ದೇ. ತಿರುವಿ ಹಾಕಿ, 'ಯಾರಿಗೆ ಗೊತ್ತಿಲ್ಲ' ಅಂದರೆ 'ಎಲ್ಲರಿಗೂ ಗೊತ್ತು'. ಇಲ್ಲ ಅಂದರೆ ಹೌದು, ಹೌದು ಅಂದರೆ ಇಲ್ಲ. "ರೊಕ್ಕ ಯಾರಿಗೆ ಬ್ಯಾಡ?" ಅಂದವನು ಬೇಡದವರ ಪಟ್ಟಿ ಮಾಡಲು ಹೊರಟಿಲ್ಲ. ಆದರೆ ಇದು ಅರ್ಥವಾದ ಮೇಲಿನ ಲೆಕ್ಕ. ಅರ್ಥವಾಗುವ ಮೊದಲು, ಮಾತು ಕಿವಿಗೆ ಬಿದ್ದ ಆ ಚಣದಲ್ಲಿ, ಇದು ಕೇಳಿದ್ದಲ್ಲ ಅಂತ ತಿಳಿಯುವುದು ಹೇಗೆ?

ನಾನು ಮೊದಲು ಹಿಡಿದದ್ದು ಬಾಲವನ್ನು. ಕಾಕು ಬಾಯಲ್ಲಿ ಇಂಥ ಮಾತು ಬಂದಾಗಲೆಲ್ಲ ಹಿಂದೊಂದು 'ಬಿಡು' ಇರುತ್ತಿತ್ತು. "ಯಾರಿಗ್ಗೊತ್ತ ಬಿಡ." "ಹೋಗಿ ಏನ್ ಮಾಡೂದೈತಿ ಬಿಡ." ಮರ್ಯಾದೆಯವರು ಎದುರಿದ್ದರೆ 'ಬಿಡ್ರಿ'. ಒಮ್ಮೊಮ್ಮೆ 'ಬಿಡು'ವಿನ ಜಾಗದಲ್ಲಿ 'ತಗೋ': "ಎಲ್ಲೀ ಮಳಿ ತಗೋರಿ!" ಈ ಬಾಲವನ್ನು ನಿಜವಾದ ಪ್ರಶ್ನೆಗೆ ಕಟ್ಟಿ ನೋಡಿ, ನಿಲ್ಲುವುದಿಲ್ಲ. ಬಾಗಿಲು ಬಡಿದ ಸದ್ದು ಕೇಳಿ, ಒಳಗಿನಿಂದ "ಯಾರ ಬಂದಾರ ಬಿಡ್ರಿ?" ಅಂತ ಯಾರೂ ಕೂಗುವುದಿಲ್ಲ. "ಬಸ್ಸು ಎಷ್ಟಕ್ಕೆ ಹೊಂಡತೈತಿ ಬಿಡ್ರಿ?" ಅಂತ ಬನಹಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ಕಂಡಕ್ಟರ್ ಮುಖ ಮುಖ ನೋಡುತ್ತಾನೆ. ಕೇಳಿದವನು ಉತ್ತರವನ್ನು ಹಿಡಿಯಲು ಕೈ ಚಾಚಿರುತ್ತಾನೆ, 'ಬಿಡು' ಅಂದರೆ ಆ ಕೈಯನ್ನು ಹಿಂದಕ್ಕೆ ತೆಗೆದುಕೊಂಡ ಹಾಗೆ. ಎರಡೂ ಒಟ್ಟಿಗೆ ಹೇಗಾದೀತು?

'ಹೇಳ್ರಿ' ಮಾತ್ರ ಮೋಸಗಾರ. ಅದು ಎರಡೂ ಕಡೆ ಓಡಾಡುತ್ತದೆ. "ಯಾರ ಬಂದಾರ ಹೇಳ್ರಿ?" ನಿಜ ಪ್ರಶ್ನೆ. "ದೇವರ ಕೊಡದಿದ್ರ ನಾವರೆ ಏನ್ ಮಾಡೂದು ಹೇಳ್ರಿ" ಅನ್ನುವುದು ಬರೀ ನಿಟ್ಟುಸಿರು. ಈ 'ಹೇಳ್ರಿ'ಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಮತ್ತೆ ಬರುತ್ತದೆ.

ಇನ್ನೊಂದು ಗುರುತು ನನಗೆ ಸಿಕ್ಕಿದ್ದು ಚಾಡಿ ಮಾತಿನಲ್ಲಿ. ಒಬ್ಬರಾಡಿದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ನಮ್ಮ ಜನ ಎಷ್ಟು ಜೋಪಾನ ನೋಡಿ! "ಬಿಲ್ ಯಾವಾಗ ಬರ್ತೈತಿ ಅಂತ ಕೇಳಿದ" ಅನ್ನುತ್ತಾರೆ. ಅದೇ ಬಾಯಲ್ಲಿ, "ಯಾವಾಗ ಬರ್ತೈತಿ ಆ ಬಿಲ್ಲು ಅಂದ" ಅನ್ನುತ್ತಾರೆ. ಮೊದಲನೆಯವನು ಕಬ್ಬು ಕಾರ್ಖಾನೆಗೆ ಕಳಿಸಿ ದಿನ ಎಣಿಸುತ್ತಿರುವವನು, ಅವನಿಗೆ ತಾರೀಖು ಬೇಕು. ಎರಡನೆಯವನು ಎಣಿಸಿ ಎಣಿಸಿ ಸಾಕಾದವನು, ಬಿಲ್ಲು ಬರುವುದಿಲ್ಲ ಅಂತ ಅವನ ಅಭಿಪ್ರಾಯ. ಪ್ರಶ್ನೆಯಾದರೆ 'ಕೇಳಿದ', ಅಲ್ಲವಾದರೆ 'ಅಂದ'. "ಯಾರಿಗ್ಗೊತ್ತ ಅಂತ ಕಾಕು ಕೇಳಿದ್ರು" ಅಂತ ಹೇಳಿ ನೋಡಿ, ನಾಲಿಗೆ ತಡೆಯುತ್ತದೆ. ಕೇಳಿದ್ದು ನನ್ನ ಮೊಮ್ಮಗನ ಕಿವಿಗೆ ಮಾತ್ರ. ಕಾಕು ಅಂದಿದ್ದರು, ಅಷ್ಟೇ. ಎಷ್ಟೋ ವರ್ಷಗಳಿಂದ ಈ ಭೇದವನ್ನು ಕಾಯ್ದುಕೊಂಡು ಬಂದಿರುವುದು ಈ ಎರಡು ಪುಟ್ಟ ಕ್ರಿಯಾಪದಗಳು. ವ್ಯಾಕರಣ ಪುಸ್ತಕಕ್ಕಿಂತ ನಮ್ಮ ಓಣಿಯ ಚಾಡಿಕೋರರು ಹೆಚ್ಚು ಖಚಿತ ಅಂತ ಅವತ್ತು ಅನಿಸಿತು, ಮನಃಪೂರ್ವಕವಾಗಿ ಹೇಳುತ್ತಿದ್ದೇನೆ.

ಬಿಲ್ಲಿನ ಮಾತು ಬಂತು, ಅದರಲ್ಲೇ ಇನ್ನೊಂದು ಸೂಕ್ಷ್ಮ ಇದೆ, ಗಮನಿಸಿದಿರಾ? 'ಬಿಲ್ ಯಾವಾಗ ಬರ್ತೈತಿ' ಅನ್ನುವುದು 'ಯಾವಾಗ ಬರ್ತೈತಿ ಆ ಬಿಲ್ಲು' ಆಯಿತು. ಬಿಲ್ಲು ಮುಂದಿನಿಂದ ಹಿಂದಕ್ಕೆ ಹೋಯಿತು. ಕನ್ನಡದಲ್ಲಿ ನಿಜವಾಗಿ ಕೇಳುವಾಗ, ಯಾವುದರ ಬಗ್ಗೆ ಕೇಳುತ್ತೇವೋ ಅದನ್ನು ಮೊದಲು ಇಟ್ಟು, 'ಯಾವಾಗ', 'ಎಲ್ಲಿ', 'ಯಾರು' ಅನ್ನುವುದನ್ನು ಕ್ರಿಯಾಪದದ ಮುಂದೆಯೇ ತಂದು ನಿಲ್ಲಿಸುತ್ತೇವೆ. ಕೇಳುವ ಮನಸ್ಸಿಲ್ಲದಾಗ ಆ ಪ್ರಶ್ನೆಪದ ತಲೆಗೆ ಏರುತ್ತದೆ, ವಿಷಯವನ್ನು ಕೊನೆಗೆ ಎಸೆದುಬಿಡುತ್ತೇವೆ.

ಇದನ್ನು ನನಗೆ ಮರೆಯದ ಹಾಗೆ ಮಾಡಿದವರು ಬೀಳಗಿ ಕಡೆಯ ಒಬ್ಬ ಮುದುಕರು. ಮದುವೆಯೊಂದರಲ್ಲಿ ಊಟದ ಪಂಕ್ತಿಯಲ್ಲಿ ನನ್ನ ಮಗ್ಗಲಿಗೆ ಕೂತಿದ್ದರು. ಮಾತಿಗೆ ಮಾತು ಬೆಳೆಸಬೇಕಲ್ಲ, "ಯಜಮಾನ್ರ, ನಿಮ್ಮ ಊರು ಎಲ್ಲೈತ್ರಿ?" ಅಂತ ಕೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಎಲ್ಲೈತ್ರಿ ಊರು?" ಅಂದರು. ಅವೇ ಎರಡು ಪದ. ನಾನು 'ಊರು ಎಲ್ಲೈತಿ' ಅಂದೆ, ಅವರು 'ಎಲ್ಲೈತಿ ಊರು' ಅಂದರು. ಆಲಮಟ್ಟಿಯ ಹಿನ್ನೀರು ಬಂದಾಗ ಬೀಳಗಿ ತಾಲೂಕಿನ ಕೃಷ್ಣಾ ದಂಡೆಯ ಎಷ್ಟೋ ಊರುಗಳು ಎದ್ದು ಹೋದವು ಅನ್ನುವುದು ನಿಮಗೂ ಗೊತ್ತಿರುವುದೇ. ನೀರು 519.60 ಮೀಟರಿಗೆ ನಿಂತಿದೆ, ಇನ್ನೂ 524.256ಕ್ಕೆ ಏರಿಸುವ ಮಾತು ವರ್ಷಗಳಿಂದ ನಡೆದೇ ಇದೆ. ಅವರ ಊರು ಆ ನೀರಿನ ಕೆಳಗಿತ್ತು. ಪುನರ್ವಸತಿ ಕೇಂದ್ರದಲ್ಲಿ ಅವರಿಗೆ ಮನೆ ಇತ್ತು, ಪಂಚಾಯಿತಿ ಇತ್ತು, ಹಳೆಯ ಊರಿನ ಹೆಸರೇ ಬೋರ್ಡಿನ ಮೇಲೂ ಇತ್ತು. ಆದರೂ "ಎಲ್ಲೈತ್ರಿ ಊರು?" ಅವರು ನನ್ನನ್ನು ಕೇಳಲಿಲ್ಲ. ಊರು ಇಲ್ಲ ಅಂದರು. 'ಇಲ್ಲ' ಅನ್ನುವ ಪದವನ್ನು ಬಾಯಿಗೆ ತಂದುಕೊಳ್ಳದೆ ಅಂದರು. ಬಹುಶಃ ಅದಕ್ಕಾಗಿಯೇ ಈ ತಿರುವು ಭಾಷೆಯಲ್ಲಿ ಇದೆ ಅಂತ ನನಗೆ ಆಗಾಗ ಅನಿಸುತ್ತದೆ. ಕೆಲವು 'ಇಲ್ಲ'ಗಳನ್ನು ನೇರ ಉಚ್ಚರಿಸಲು ಆಗುವುದಿಲ್ಲ, ಅಲ್ಲೇನ್ರೀ?

ಅಂಥದ್ದೇ ಒಂದು 'ಇಲ್ಲ' ನಮ್ಮ ಮುಧೋಳದವನ ಕೈಯಲ್ಲಿ ಬಂದಿದೆ. ರನ್ನ ಹುಟ್ಟಿದ್ದು ಮುದುವೊಳಲಿನಲ್ಲಿ, ಬಳೆಗಾರರ ಮನೆಯಲ್ಲಿ, ಸಾವಿರ ವರ್ಷದ ಹಿಂದೆ. ಗದಾಯುದ್ಧದಲ್ಲಿ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ ಕರ್ಣನ ಮುಂದೆ ಬಂದು ನಿಲ್ಲುತ್ತಾನಲ್ಲ, ಆ ಪದ್ಯ ಪಾಠಕ್ಕಿದ್ದಾಗ ಪ್ರತಿ ವರ್ಷ ನನ್ನ ಗಂಟಲು ಕಟ್ಟುತ್ತಿತ್ತು. ಗೆಳೆಯ ಇದ್ದರೆ ರಾಜ್ಯ ಉಂಟು, ಪಟ್ಟ ಉಂಟು ಅಂತ ಒಂದೊಂದಾಗಿ ಎಣಿಸುತ್ತಾನೆ, ಎಲ್ಲ ಹೇಳಿಕೆಗಳೇ. ಕೊನೆಗೆ ನೀನಿಲ್ಲದ ಮೇಲೆ ಇವು ಉಳಿಯುತ್ತವೆಯೇ ಅನ್ನುವ ಅರ್ಥದ ಒಂದು ಪ್ರಶ್ನೆ. ಕೇಳುವುದು ಯಾರನ್ನು? ಸತ್ತು ಬಿದ್ದವನನ್ನು. ಉತ್ತರ ಬರುವ ದಾರಿಯೇ ಇಲ್ಲ. ಆ ಇಡೀ ಭಾರವನ್ನು ಹಳಗನ್ನಡ ಹೊರಿಸುವುದು ಕ್ರಿಯಾಪದದ ಕೊನೆಯ ಒಂದೇ ಒಂದು 'ಎ'ಕಾರದ ಮೇಲೆ.

ಆ 'ಎ' ಈಗ ಎಲ್ಲಿ ಹೋಯಿತು ಅಂದರೆ, ಬರವಣಿಗೆಯಲ್ಲಿ ಕೂತಿದೆ. ಮಾತಿನಲ್ಲಿ ನಾವು ಹೌದು-ಅಲ್ಲ ಪ್ರಶ್ನೆಗೆ 'ಆ' ಹಚ್ಚುತ್ತೇವೆ, ಈ ಕಡೆಯವರು 'ಏನು' ಹಚ್ಚುತ್ತೇವೆ: ಬರ್ತೀರಾ, ಬರ್ತೀರೇನು. ಪತ್ರಿಕೆಯವರು 'ಇದು ನ್ಯಾಯವೇ?' ಅಂತ ದೊಡ್ಡಕ್ಷರದಲ್ಲಿ ಹಾಕುತ್ತಾರೆ. ಹಾಗೆ ಬರೆದವರು ಅಂಚೆಯಲ್ಲಿ ಉತ್ತರಕ್ಕೆ ಕಾಯುವುದಿಲ್ಲ. 'ಹೀಗೂ ಉಂಟೇ' ಅನ್ನುವುದಂತೂ ಪ್ರಶ್ನೆಯ ವೇಷವನ್ನೇ ಮರೆತುಬಿಟ್ಟಿದೆ.

ನಮ್ಮ 'ಏನು' ಅಷ್ಟು ಸುಮ್ಮನೆ ಕೂಡುವ ಪೈಕಿ ಅಲ್ಲ. "ಅಂವ ಹೊರಗಿನಾಂವೇನು?" ಅಂದರೆ ನಿಜವಾಗಿ ಕೇಳಿದ ಹಾಗೆ: ನಮ್ಮವನೋ, ಹೊರಗಿನವನೋ. ಅದರ ಮುಂದೆ ಇನ್ನೊಂದು 'ಏನು' ತಂದು ಇಡಿ: "ಅಂವೇನ್ ಹೊರಗಿನಾಂವೇನು?" ಮುಗಿಯಿತು. ಮುಂದೊಂದು ಏನು, ಹಿಂದೊಂದು ಏನು, ನಡುವೆ ಸಿಕ್ಕ ಮಾತು ಅಲ್ಲಾಡುವ ಹಾಗಿಲ್ಲ. ಅವನು ನಮ್ಮವನೇ, ಅವನಿಗೆ ಚಹಾ ಕೊಡಿ! "ನಾ ಏನ್ ಬ್ಯಾಡಂದೀನೇನು?" ಅಂತ ಗಂಡ ಅಂದರೆ ಹೆಂಡತಿ ಸೀರೆ ಅಂಗಡಿಗೆ ಹೊರಡುತ್ತಾಳೆ. ತೆಂಕಣ ಕಡೆಯವರು ಇದೇ ಕೆಲಸಕ್ಕೆ 'ತಾನೆ' ಇಟ್ಟುಕೊಂಡಿದ್ದಾರೆ: ಯಾರು ತಾನೆ ಬೇಡ ಅಂತಾರೆ? ನಮ್ಮ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದ ಬ್ಯಾಂಕಿನ ಹುಡುಗ ಚಾಮರಾಜನಗರದ ಕಡೆಯವನು, ಅವನಿಂದಲೇ ಈ 'ತಾನೆ'ಯ ರುಚಿ ನನಗೆ ಹತ್ತಿದ್ದು.

ಆ ಹುಡುಗನದೇ ಒಂದು ಪ್ರಸಂಗ ಹೇಳಿಬಿಡುತ್ತೇನೆ. ಬಂದ ಹೊಸತರಲ್ಲಿ ಅವನು ನಮ್ಮ ಮಾತನ್ನು ಶ್ರದ್ಧೆಯಿಂದ ಕಲಿಯುತ್ತಿದ್ದ. 'ಬಂದಿದ್ದಾರೆ' ಅನ್ನುವುದಕ್ಕೆ ಇಲ್ಲಿ 'ಬಂದಾರ' ಅನ್ನುತ್ತಾರೆ, 'ಬಿದ್ದಿದ್ದಾನೆ' ಅನ್ನುವುದಕ್ಕೆ 'ಬಿದ್ದಾನ' ಅಂತ ಬರೆದಿಟ್ಟುಕೊಂಡಿದ್ದ. ಕಾಕು ಮನೆಯಲ್ಲಿ ಮೊಮ್ಮಗಳ ತೊಟ್ಟಿಲ ಕಾರ್ಯ. ಏಪ್ರಿಲ್ ತಿಂಗಳ ನಡು ಮಧ್ಯಾಹ್ನ. ಪೆಂಡಾಲಿನ ಕೆಳಗೆ ಖಾಲಿ ಖುರ್ಚಿ ನೋಡಿಕೊಂಡು ಕಾಕು, "ಈ ಬಿಸಲಾಗ ಯಾರ ಬಂದಾರು!" ಅಂದರು. ಹುಡುಗ ಮುಂದೆ ಬಂದು ಬೆರಳು ಮಡಿಚುತ್ತ, "ನಿಮ್ಮ ತಂಗಿ ಬಂದಿದ್ದಾರೆ, ಹೂವಿನೋರು ಬಂದಿದ್ದಾರೆ, ಆಚೆ ಮನೆ ಅಜ್ಜಿ ಬಂದಿದ್ದಾರೆ" ಅಂತ ಲೆಕ್ಕ ಒಪ್ಪಿಸಿದ. ಕಲಿತ ಪಾಠವೇ ಅವನಿಗೆ ಅಡ್ಡ ಬಂದಿತ್ತು. ಅವರು ಅಂದದ್ದು 'ಬಂದಾರ' ಅಲ್ಲ, 'ಬಂದಾರು'.

ಕೊನೆಯ ಒಂದು ಸ್ವರ. 'ಹುಡುಗ ಬಿದ್ದಾನ' ಅಂದರೆ ಬಿದ್ದಾಗಿದೆ, ಅರಿಶಿಣ ತನ್ನಿ. 'ಹುಡುಗ ಬಿದ್ದಾನು' ಅಂದರೆ ಬೀಳುವ ಸಂಭವ ಇದೆ, ಹಿಡಿದುಕೊಳ್ಳಿ. ಈ ಎರಡನೆಯದನ್ನು ವ್ಯಾಕರಣದಲ್ಲಿ ಸಂಭಾವನಾರೂಪ ಅನ್ನುತ್ತಾರೆ, ಆದೀತು, ಹೋದಾನು, ಕೊಟ್ಟಾರು ಅನ್ನುವಂಥವು. ಒಂಟಿಯಾಗಿದ್ದಾಗ ಅದು 'ಆಗಬಹುದು' ಅನ್ನುತ್ತದೆ. ಅದರ ಪಕ್ಕಕ್ಕೆ 'ಯಾರು', 'ಎಲ್ಲಿ', 'ಹೆಂಗ' ಬಂದು ನಿಂತರೆ, ಆಗಬಹುದಾದದ್ದು ಆಗಲಾರದ್ದಾಗುತ್ತದೆ. ಬಂದಾರು: ಬರಬಹುದು. ಯಾರ ಬಂದಾರು: ಯಾರೂ ಬರಲಿಕ್ಕಿಲ್ಲ. ಅಂವ ಕೊಟ್ಟಾನು: ಕೊಟ್ಟರೂ ಕೊಡಬಹುದು, ಕೇಳಿ ನೋಡು. ಅಂವ ಎಲ್ಲಿಂದ ಕೊಟ್ಟಾನು: ಅವನ ಹತ್ತಿರವೇ ಇಲ್ಲ, ಕೇಳಲು ಹೋಗಬೇಡ. 'ಯಾರ ಬರ್ತಾರ?' ಅನ್ನುವುದು ನಿಜ ಪ್ರಶ್ನೆಯೂ ಆದೀತು, ಅಲ್ಲದೆಯೂ ಇದ್ದೀತು, ದನಿ ಕೇಳಿ ತೀರ್ಮಾನಿಸಬೇಕು. 'ಯಾರ ಬಂದಾರು' ಅಂದಲ್ಲಿ ದನಿಯೂ ಬೇಕಾಗಿಲ್ಲ, ಕಾಗದದ ಮೇಲೆ ಬರೆದರೂ ಮೋಸವಿಲ್ಲ.

ಹಾಗಂತ ಇದನ್ನೇ ನೆಚ್ಚಿಕೊಂಡು ಸಂತೆಗೆ ಹೋಗಬೇಡಿ. 'ಎಷ್ಟು' ಈ ಕಟ್ಟಳೆಗೆ ಒಳಪಡುವುದಿಲ್ಲ. ಮುಧೋಳ ಕಡೆಯ ಹೊಲದಲ್ಲಿ ನಿಂತ ಕಬ್ಬು ನೋಡಿ, "ಎಕರೆಗೆ ಎಷ್ಟ್ ಟನ್ ಆದೀತ್ರಿ?" ಅಂದರೆ ಅದು ಅಪ್ಪಟ ಪ್ರಶ್ನೆ. "ನಲವತ್ತ ಆದೀತು" ಅಂತ ಉತ್ತರ ಬರುತ್ತದೆ. ಅಂದಾಜು ಕೇಳಿದಾಗ ಅಂದಾಜಿನ ರೂಪದಲ್ಲೇ ಕೇಳಬೇಕಲ್ಲ. 'ಯಾವಾಗ ಬಂದೀತು' ಅನ್ನುವುದೂ ಹೀಗೆ, ಒಮ್ಮೆ ನಿಜ ಅಂದಾಜು, ಒಮ್ಮೆ ನಿರಾಶೆ. ಈ ಸಂಗತಿಯನ್ನು ಆ ಹುಡುಗನಿಗೆ ಬಿಡಿಸಿ ಹೇಳಿದಾಗ ಅವನು ತನ್ನ ಪುಸ್ತಕದಲ್ಲಿ 'ಯಾರು, ಎಲ್ಲಿ' ಒಂದು ಕಡೆ, 'ಎಷ್ಟು' ಇನ್ನೊಂದು ಕಡೆ ಬರೆದುಕೊಂಡ. ಈಗ ಅವನು ಬದಲಿಯಾಗಿ ಹೋಗಿದ್ದಾನೆ. ಫೋನ್ ಮಾಡಿದಾಗ, "ಮಾಸ್ತರ, ಈ ಊರಾಗ ನಮ್ಮನ್ನ ಯಾರ ಕೇಳ್ಯಾರು?" ಅನ್ನುತ್ತಾನೆ. ನಾನು ಕೇಳುತ್ತೇನಪ್ಪಾ ಅನ್ನುತ್ತೇನೆ. ಪ್ರಶ್ನೆ ಅಲ್ಲದ ಪ್ರಶ್ನೆಗೆ ಬೇಕೆಂದೇ ಉತ್ತರ ಕೊಡುವುದೂ ಒಂದು ಪ್ರೀತಿಯೇ.

ದನಿಯ ಮಾತು ಬಂದಾಗ ನನ್ನ ವಿದ್ಯಾರ್ಥಿ ದೆಸೆ ನೆನಪಾಗುತ್ತದೆ. ಅಲಂಕಾರಶಾಸ್ತ್ರದ ಪಾಠದಲ್ಲಿ ಗುರುಗಳು 'ಕಾಕು' ಅಂದಾಗ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗು. ಈ ಕಡೆ ಕಾಕಾನ ಹೆಂಡತಿಗೆ ಕಾಕು ಅನ್ನುವುದು ತಾನೇ. ಶಾಸ್ತ್ರದ ಕಾಕು ಬೇರೆ, ಶೋಕವೋ ಭಯವೋ ಇನ್ನೇನೋ ಬಂದು ಕೊರಳ ದನಿ ಮಾರ್ಪಡುವುದು. ಬಾಯಿಯ ಪದ ಒಂದು ಹೇಳಿದರೆ, ಮಾರ್ಪಟ್ಟ ದನಿ ಅದರ ವಿರುದ್ಧ ಹೇಳುತ್ತದೆ. ಅದರಿಂದ ಹುಟ್ಟುವ ಅಲಂಕಾರ ಕಾಕುವಕ್ರೋಕ್ತಿ. ಅವತ್ತು ಪರೀಕ್ಷೆಗೆ ಕಂಠಪಾಠ ಮಾಡಿದ್ದೇ ಬಂತು. ಅದು ಏನು ಅಂತ ಕಿವಿಗೆ ಬಿದ್ದದ್ದು ಬೇಲಿ ಪಕ್ಕದ ಈ ಕಾಕು ಬಾಯಲ್ಲೇ. ನಿಜವಾಗಿ ಕೇಳುವಾಗ ಅವರ ದನಿ ಕೊನೆಯಲ್ಲಿ ತುಸು ನೇತಾಡುತ್ತದೆ, ಕಾಯುತ್ತದೆ. ಕೇಳದಿರುವಾಗ 'ಯಾ' ಅನ್ನುವುದನ್ನು ಎಳೆದು ಎತ್ತಿ, 'ಗೊತ್ತ' ಅನ್ನುವಷ್ಟರಲ್ಲಿ ದನಿಯನ್ನು ನೆಲಕ್ಕಿಟ್ಟುಬಿಡುತ್ತಾರೆ, ತುಂಬಿದ ಕೊಡ ಇಳಿಸಿದ ಹಾಗೆ. ಮಾತು ಮುಗಿಯಿತು ಅಂತ ಅರ್ಥ.

ಇಷ್ಟೆಲ್ಲ ಗುರುತುಗಳಿಗೂ ನಿಲುಕದ್ದೊಂದು ಇದೆ, ಕಾಕುವಿನ 'ಇರವಲ್ದ್ಯಾಕ'. ಬೇಲಿ ಮೇಲೆ ನಮ್ಮ ಬಟ್ಟೆ ಹಾರಿ ಬಿದ್ದಿದ್ದರೆ, ತೆಗೀತೀನ್ರಿ ಅಂದಾಗ, "ಇರವಲ್ದ್ಯಾಕ" ಅನ್ನುತ್ತಾರೆ. ಇರಲಿ ಬಿಡು ಅಂತ ಅರ್ಥ. ಬಿಡಿಸಿ ನೋಡಿ: ಇರಲು ಒಲ್ಲದು ಯಾಕೆ? ಬಟ್ಟೆ ಇಲ್ಲಿ ಇರಲು ಯಾಕೆ ಒಲ್ಲೆ ಅನ್ನುತ್ತದೆ ಅಂತ ಕೇಳಿದ ಹಾಗೆ! ಒಂದು ಕಾಲಕ್ಕೆ ಪ್ರಶ್ನೆಯಾಗಿದ್ದದ್ದು ಉರುಳಿ ಉರುಳಿ ಸವೆದು ಈಗ ಅನುಮತಿ ಆಗಿದೆ. ಯಾರರೆ ಬರವಲ್ಲರ್ಯಾಕ, ಎಷ್ಟರೆ ಆಗವಲ್ದ್ಯಾಕ. 'ಯಾಕೆ' ಬಾಲವಾಗಿ ಅಲ್ಲೇ ಅಂಟಿಕೊಂಡಿದೆ, ಯಾರ ಕಣ್ಣಿಗೂ ಪ್ರಶ್ನೆಯಾಗಿ ಕಾಣುವುದಿಲ್ಲ. ಉತ್ತರ ಬೇಡದ ಪ್ರಶ್ನೆಗಳು ಬಹಳ ದಿನ ಬಳಕೆಯಲ್ಲಿದ್ದರೆ ಹೀಗೇ ಆಗುತ್ತವೆಯೋ ಏನೋ.

ಇವೆಲ್ಲಕ್ಕಿಂತ ಕಷ್ಟದ್ದು 'ಏನ್ ಮಾಡ್ಲಿ'. ಅದನ್ನು ಹೇಳದೆ ಎದ್ದು ಹೋಗಲು ನನಗೆ ಮನಸ್ಸಿಲ್ಲ.

ನಾನು ಕೆಲಸಕ್ಕಿದ್ದಾಗ ಕೆಲವು ವರ್ಷ ಬನಹಟ್ಟಿಯಲ್ಲಿ ನೇಕಾರರ ಓಣಿಯಲ್ಲಿ ಮನೆ ಮಾಡಿದ್ದೆ. ಬೆಳಗಿನಿಂದ ಸರಿರಾತ್ರಿಯವರೆಗೆ ಪಾವರ್‌ಲೂಮಿನ ಖಟಾ ಖಟಾ. ಎರಡು ದಿನ ಹೊರಗೆ ಹೋದರೆ ಆ ಸದ್ದಿಲ್ಲದೆ ನಿದ್ದೆ ಬರುತ್ತಿರಲಿಲ್ಲ. ಮಗ್ಗಲ ಮನೆಯ ಅಕ್ಕಾರು ಮನೆಯಲ್ಲೇ ಎರಡು ಮಗ್ಗ ಹಾಕಿಕೊಂಡಿದ್ದರು. ನೂಲು ಮಾಲಕರದು, ದುಡಿಮೆ ಇವರದು, ಸೀರೆಗಿಷ್ಟು ಅಂತ ಮಜೂರಿ. ಗಂಡನಿಗೆ ಉಬ್ಬಸ. ಹತ್ತನೆಯ ಇಯತ್ತೆ ಪಾಸಾದ ಮಗ ಒಂದು ಮಗ್ಗ ನೋಡಿಕೊಳ್ಳುತ್ತಿದ್ದ. ಜೂನ್ ತಿಂಗಳ ಒಂದು ಸಂಜೆ ಆಕೆ ನಮ್ಮ ಬಾಗಿಲ ಹತ್ತಿರ ಬಂದು ನಿಂತರು. "ಹುಡುಗನ್ನ ಕಾಲೇಜಿಗೆ ಹಚ್ಚಬೇಕಂದ್ರ ಒಂದ ಮಗ್ಗ ನಿಲ್ಲತೈತಿ. ನಾ ಏನ್ ಮಾಡ್ಲಿ ಹೇಳ್ರಿ, ಮಾಸ್ತರ?" ಅಂದರು. ನಾನು, "ಏನ್ ಮಾಡೂದೈತಿ ಬಿಡ್ರಿ ಅಕ್ಕಾರ, ಎಲ್ಲಾರ ಮನಿಯಾಗೂ ಇದ ಹಾಡು" ಅಂದೆ. ಸಮಾಧಾನ ಹೇಳಿದೆ ಅಂದುಕೊಂಡೆ. ಆಕೆ ಸ್ವಲ್ಪ ಹೊತ್ತು ನಿಂತಿದ್ದು, "ಹೌದ್ರಿ" ಅಂದು ಒಳಗೆ ಹೋದರು. ಮಗ್ಗದ ಸದ್ದು ಮತ್ತೆ ಶುರುವಾಯಿತು.

ತಿಂಗಳ ಮೇಲೆ ಹುಡುಗನೇ ಹೇಳಿದ. ಅವತ್ತು ಅವ್ವನ ಸೆರಗಿನೊಳಗೆ ಕಾಲೇಜಿನ ಫಾರ್ಮ್ ಇತ್ತಂತೆ, ನಾಲ್ಕು ಮಡಿಕೆ ಮಾಡಿದ್ದು. ನನ್ನ ಕೈಯಲ್ಲಿ ತುಂಬಿಸಬೇಕು ಅಂತ ತಂದಿದ್ದರಂತೆ. ತಾರೀಖು ಮುಗಿದು ಹೋಗಿತ್ತು.

ಆ ವಾಕ್ಯವನ್ನು ನಾನು ಎಷ್ಟು ಸಲ ಮತ್ತೆ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಎಲ್ಲ ಗುರುತೂ ಅದರಲ್ಲೇ ಇದ್ದವು. 'ಮಾಡೂದು' ಅಂದಿರಲಿಲ್ಲ, 'ಮಾಡ್ಲಿ' ಅಂದಿದ್ದರು. ಆ 'ಲಿ' ಎದುರಿದ್ದವರ ಮಾತಿಗೆ ಕಾಯುವ 'ಲಿ'. "ಏನ್ ಮಾಡ್ಲಿ, ರೊಟ್ಟಿನೋ ಅನ್ನಾನೋ?" ಅಂತ ಅಡುಗೆಮನೆಯಿಂದ ಕೇಳುವಾಗಲೂ ಅದೇ ಇರುತ್ತದೆ. 'ನಾ' ತನ್ನ ಜಾಗದಲ್ಲೇ, ಮುಂದೆಯೇ ಇತ್ತು. 'ಏನ್ ಮಾಡ್ಲಿ ನಾ' ಅಂತ ಹಿಂದಕ್ಕೆ ಹೋಗಿರಲಿಲ್ಲ. ಬಾಲದಲ್ಲಿ 'ಬಿಡ್ರಿ' ಇರಲಿಲ್ಲ, 'ಹೇಳ್ರಿ' ಇತ್ತು. 'ಹೇಳ್ರಿ' ಎರಡೂ ಕಡೆಯದು ಅಂದೆನಲ್ಲ, ನಿಜ. ಆದರೆ ಆಮೇಲೆ ಆಕೆ ನಿಂತಿದ್ದರು. ನಿಟ್ಟುಸಿರು ಬಿಟ್ಟವರು ಮಾತು ಮುಗಿಸಿ ತಿರುಗುತ್ತಾರೆ. ಆಕೆ ತಿರುಗಲಿಲ್ಲ. 'ಬಿಡ್ರಿ' ತಂದು ಹಚ್ಚಿದವನು ನಾನು. ಆಕೆ ಕೇಳಿದ್ದನ್ನು ನಾನು ಅಂದದ್ದು ಮಾಡಿಬಿಟ್ಟೆ.

ಮರುವರ್ಷ ಫಾರ್ಮ್ ತುಂಬಿದೆವು. ನಾನೂ ಹುಡುಗನೂ ಕೂತು, ದೀಪದ ಬೆಳಕಲ್ಲಿ, ಒಂದೂ ಅಕ್ಷರ ತಿದ್ದದ ಹಾಗೆ. ಅಕ್ಕಾರು ಮಗ್ಗ ನಿಲ್ಲಿಸಿ ಬಂದು ನೋಡಿದರು. ಒಂದು ವರ್ಷ ಮಾತ್ರ ಹೋಗಿತ್ತು.

ಅವತ್ತಿನಿಂದ ಯಾರಾದರೂ 'ಏನ್ ಮಾಡ್ಲಿ' ಅಂದರೆ ನಾನು ತಟ್ಟನೆ ಮಾತಾಡುವುದಿಲ್ಲ. ಅವರು ತಿರುಗುತ್ತಾರೋ ನಿಲ್ಲುತ್ತಾರೋ ನೋಡುತ್ತೇನೆ. ಆಗಲೂ ತಿಳಿಯದಿದ್ದರೆ ಕೇಳಿಯೇಬಿಡುತ್ತೇನೆ. ನಿನ್ನೆ ಸಂಜೆ ಕಾಕು ಬೇಲಿಗೆ ಕೈ ಊರಿ ನಿಂತು, "ಈ ಮೊಳಕಾಲ ನೋವಿಗೆ ನಾ ಏನ್ ಮಾಡ್ಲೋ ತಮ್ಮಾ" ಅಂದರು.

"ಕೇಳಾಕತ್ತೀರೋ ಕಾಕು, ಅನ್ನಾಕತ್ತೀರೋ?" ಅಂದೆ.

ಅವರು ಒಂದು ಗಳಿಗೆ ಯೋಚಿಸಿದರು.

"ಅನ್ನಾಕತ್ತಿದ್ದೆ" ಅಂದರು. "ಆದರ ನಿನಗೇನರೆ ಗೊತ್ತಿದ್ರ ಹೇಳು, ಕೇಳತೀನಿ."